"ಐ ಆ್ಯಮ್ ನೋಯಿಂಗ್" ತಪ್ಪು, ಒಪ್ಪಿದೆ. "ಐ ನೋ ಹಿಮ್ ಸಿನ್ಸ್ 2012" ಯಾಕೆ ತಪ್ಪು?

ಕಟಪಾಡಿ ಟ್ಯೂಷನ್ ಟೀಚರ್

ಎಲ್ಲರಿಗೂ ನಮಸ್ಕಾರ. ಕಟಪಾಡಿಯಲ್ಲಿ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೇನೆ. ಈ ವರ್ಷ 14 ಮಕ್ಕಳಿದ್ದಾರೆ. ಕಳೆದ ವಾರ ಸೆಂಟೆನ್ಸ್ ಕರೆಕ್ಷನ್ ಕೊಟ್ಟಿದ್ದೆ, ಅದರಲ್ಲಿ ಒಂದು ವಾಕ್ಯ ಹೀಗಿತ್ತು:

"ಐ ಆ್ಯಮ್ ನೋಯಿಂಗ್ ದಿಸ್ ಬೋಟ್ ಓನರ್ ಸಿನ್ಸ್ 2012."

11 ಮಕ್ಕಳು "ಐ ನೋ ದಿಸ್ ಬೋಟ್ ಓನರ್ ಸಿನ್ಸ್ 2012" ಅಂತ ಬರೆದರು. ಇಬ್ಬರು ವಾಕ್ಯ ಸರಿಯಿದೆ ಅಂತ ಹಾಗೆಯೇ ಬಿಟ್ಟರು. ಒಬ್ಬ "ಹ್ಯಾವ್ ಬೀನ್ ನೋಯಿಂಗ್" ಅಂದ. "ಐ ಹ್ಯಾವ್ ನೋನ್" ಅಂತ ಒಬ್ಬರೂ ಬರೆಯಲಿಲ್ಲ.

ಮಾರ್ಕು ಕಳೆದೆ. ಆಗ ಒಂದು ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್, ನೋ-ಗೆ ಇಂಗ್ ಹಾಕ್ಬಾರ್ದು ಅಂತ ನೀವೇ ಹೇಳಿದ್ದಲ್ವಾ? ನಾನು ತೆಗೆದಿದ್ದೇನೆ. ಇನ್ನೆಂತ ತಪ್ಪುಂಟು? ಕನ್ನಡದಲ್ಲಿ '2012ರಿಂದ ನಂಗೆ ಇವರು ಗೊತ್ತು' ಅಂತಲೇ ಅಲ್ವಾ ಹೇಳುವುದು?"

ನಾನು ರೂಲ್ ಹೇಳಿದೆ. ಅವಳು ಕೂತಳು, ಆದರೆ ಅವಳಿಗೆ ಸಮಾಧಾನ ಆಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗ್ತಿತ್ತು. ನಿಜ ಹೇಳಬೇಕಂದ್ರೆ ನನಗೂ ಆಗಲಿಲ್ಲ. ನೀವೆಲ್ಲ ಇದನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳ್ತೀರಿ?

ಕಂಕನಾಡಿ ಕೋಚಿಂಗ್

ಇದರಲ್ಲಿ ಮಂಡೆಬಿಸಿ ಮಾಡುವುದಕ್ಕೆ ಎಂತದೂ ಇಲ್ಲ ಮೇಡಂ. ಸಿನ್ಸ್ ಅಥವಾ ಫಾರ್ ಕಂಡ ಕೂಡಲೇ ಹ್ಯಾವ್ ಬೀನ್, ಇಂಗ್. ಬ್ಯಾಂಕ್ ಪರೀಕ್ಷೆಯ ಮಕ್ಕಳಿಗೆ ಎಂಟು ವರ್ಷದಿಂದ ಇದೇ ಹೇಳ್ತಾ ಇದ್ದೇನೆ. ಅಲ್ಲಿ ಒಂದು ಪ್ರಶ್ನೆಗೆ ಹೆಚ್ಚು ಹೊತ್ತು ಸಿಗುವುದಿಲ್ಲ, ಬೇರೆ ವಿವರಣೆಗೆ ಟೈಮ್ ಎಲ್ಲಿದೆ?

ಕಟಪಾಡಿ ಟ್ಯೂಷನ್ ಟೀಚರ್

ಸರ್, ಹಾಗಾದ್ರೆ "ಹ್ಯಾವ್ ಬೀನ್ ನೋಯಿಂಗ್" ಬರೆದ ಹುಡುಗನಿಗೆ ಪೂರ್ತಿ ಮಾರ್ಕು ಕೊಡಬೇಕಲ್ಲ?

ಕಂಕನಾಡಿ ಕೋಚಿಂಗ್

ಇಲ್ಲ ಇಲ್ಲ, ನೋ ಒಂದು ಎಕ್ಸೆಪ್ಷನ್. ಅದಕ್ಕೆ ಹ್ಯಾವ್ ನೋನ್ ಅಂತ ಬಾಯಿಪಾಠ ಮಾಡಿಸ್ತೇನೆ.

ನಿವೃತ್ತ ಮೇಷ್ಟ್ರು, ಬಂಟ್ವಾಳ

ಕೋಚಿಂಗ್ ಸರ್, ನಿಮ್ಮ ರೂಲ್ ಅರ್ಧ ಸರಿ. ಸಿನ್ಸ್ ಬಂದರೆ ಹ್ಯಾವ್ ಬರಬೇಕು, ಅಲ್ಲಿವರೆಗೆ ನನ್ನ ತಕರಾರಿಲ್ಲ. ಆದರೆ ಅದರ ಬೆನ್ನಿಗೇ "ಬೀನ್, ಇಂಗ್" ಕಟ್ಟಿಬಿಟ್ಟಿದ್ದೀರಿ, ತೊಂದರೆ ಅಲ್ಲಿದೆ. ನೋ ಒಂದೇ ಎಕ್ಸೆಪ್ಷನ್ ಆಗಿದ್ದರೆ ಬಾಯಿಪಾಠ ಸಾಕಿತ್ತು. ಓನ್, ಬಿಲಾಂಗ್, ಸೀಮ್, ಬಿಲೀವ್, ಎಲ್ಲವೂ ಅದೇ ಸಾಲಿನಲ್ಲಿ ನಿಂತಿವೆ. ಎಷ್ಟು ಅಂತ ಬಾಯಿಪಾಠ ಮಾಡಿಸ್ತೀರಿ?

ಟೀಚರಮ್ಮ, ನಿಮ್ಮ ವಾಕ್ಯದಲ್ಲಿ ಇರುವುದು ಒಂದು ತಪ್ಪಲ್ಲ, ಎರಡು. 11 ಮಕ್ಕಳು ಮೊದಲನೆಯದನ್ನು ಸರಿಮಾಡಿ ಎರಡನೆಯದನ್ನು ಹಾಗೇ ಬಿಟ್ಟರು. ಹ್ಯಾವ್ ಬೀನ್ ಬರೆದ ಹುಡುಗ ಎರಡನೆಯದನ್ನು ಸರಿಮಾಡಿ ಮೊದಲನೆಯದನ್ನು ಬಿಟ್ಟ. ಹಾಗಾಗಿ ಮಕ್ಕಳ ಮುಂದೆ ಎರಡು ಪ್ರಶ್ನೆ ಬೇರೆ ಬೇರೆ ಇಡಬೇಕು.

ಮೊದಲನೆಯದು: ಇದು ಮಾಡುವ ಕೆಲಸವಾ, ಇರುವ ಸ್ಥಿತಿಯಾ? ಇದಕ್ಕೆ ನಾನು ಕ್ಲಾಸಿನಲ್ಲಿ ಬಳಸುತ್ತಿದ್ದದ್ದು ಮಲ್ಪೆಯ ಬೋಟು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. ಆ ಎರಡು ತಿಂಗಳು ಮಾಲೀಕ ಬೋಟು ಓಡಿಸ್ತಾ ಇದ್ದಾನಾ? ಇಲ್ಲ. ಬೋಟು ಅವನದ್ದೇ ಹೌದಾ? ಹೌದು. ಓಡಿಸುವುದು ನಿಂತಿತು, ಒಡೆತನ ನಿಲ್ಲಲಿಲ್ಲ. ಹೀಗೆ ನಡುವೆ ನಿಲ್ಲಿಸಿ ಮತ್ತೆ ಶುರುಮಾಡಲು ಬರುವಂಥದ್ದಕ್ಕೆ ಇಂಗ್ ಒಗ್ಗುತ್ತದೆ, "ಹಿ ಈಸ್ ರನ್ನಿಂಗ್ ದ ಬೋಟ್". ನಡುವೆ ನಿಲ್ಲಿಸಲು ಬಾರದ್ದಕ್ಕೆ ಒಗ್ಗುವುದಿಲ್ಲ, ಹಾಗಾಗಿ "ಹಿ ಓನ್ಸ್ ದ ಬೋಟ್". ಗೊತ್ತಿರುವುದೂ ಹಾಗೆಯೇ. ನೀವು ನಿದ್ದೆ ಮಾಡುವಾಗಲೂ ಆ ಮಾಲೀಕ ನಿಮಗೆ ಗೊತ್ತಿರುವವರೇ.

ಎರಡನೆಯ ಪ್ರಶ್ನೆ: ವಾಕ್ಯದಲ್ಲಿ ಸಿನ್ಸ್ ಅಥವಾ ಫಾರ್ ಇದೆಯಾ? ಸಿನ್ಸ್ 2012 ಅಂದರೆ ಒಂದು ಹಗ್ಗ ಅಂತ ಇಟ್ಟುಕೊಳ್ಳಿ. ಒಂದು ತುದಿ 2012ರಲ್ಲಿ ಕಟ್ಟಿದೆ, ಇನ್ನೊಂದು ತುದಿ ಇವತ್ತಿನಲ್ಲಿ. ಇಂಗ್ಲಿಷಿನ "ಐ ನೋ" ಇವತ್ತಿನ ತುದಿಯನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ತುದಿ ಹಿಡಿಯಲು ಅದರ ಕೈ ಎಟುಕುವುದಿಲ್ಲ. "ಹ್ಯಾವ್ ನೋನ್" ಎರಡೂ ತುದಿ ಹಿಡಿಯುತ್ತದೆ. ಹ್ಯಾವ್ ಇವತ್ತಿನದ್ದು, ನೋನ್ ಹಿಂದಿನಿಂದ ಬಂದದ್ದು.

ಈಗ ಬೋಟಿನ ಮೇಲೆ ಎರಡನ್ನೂ ಸೇರಿಸಿ ನೋಡಿ. "ಹಿ ಹ್ಯಾಸ್ ಓನ್ಡ್ ದ ಬೋಟ್ ಸಿನ್ಸ್ 2012" ಸರಿ. "ಹಿ ಹ್ಯಾಸ್ ಬೀನ್ ರನ್ನಿಂಗ್ ಆ್ಯನ್ ಐಸ್ ಪ್ಲಾಂಟ್ ಸಿನ್ಸ್ 2012", ಅದೂ ಸರಿ, ಯಾಕೆಂದರೆ ಐಸ್ ಪ್ಲಾಂಟ್ ನಡೆಸುವುದು ಕೆಲಸ. ಎರಡರಲ್ಲೂ ಹ್ಯಾಸ್ ಇದೆ. ಇಂಗ್ ಬರುವುದು ಒಂದರಲ್ಲಿ ಮಾತ್ರ.

ಮಲ್ಪೆ ಬೋಟಿನವ

ಮೇಷ್ಟ್ರೇ, ನಿಷೇಧದ ಉದಾಹರಣೆ ನನಗೆ ಬಿಡಿಸಿ ಹೇಳಬೇಕಾದ್ದೇ ಇಲ್ಲ. ಆ ಎರಡು ತಿಂಗಳು ಬಲೆ ರಿಪೇರಿ, ಬಣ್ಣ, ಬ್ಯಾಂಕಿನ ಕಂತು. ಓಡಿಸದಿದ್ದರೂ ಕಂತು ಓನರೇ ಕಟ್ಟಬೇಕು.

ದುಬೈಯಿಂದ ಬಂದವ, ಸುರತ್ಕಲ್

ನನ್ನದೂ ಇದೇ ಸಮಸ್ಯೆ, ಸಹಾಯ ಮಾಡಿ. ಕೆಲಸಕ್ಕೆ ಮೇಲ್ ಕಳಿಸುವಾಗ "ಐ ಆ್ಯಮ್ ಹ್ಯಾವಿಂಗ್ ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್" ಅಂತ ಬರೆದಿದ್ದೆ. ಅಲ್ಲಿದ್ದಾಗ ಒಬ್ಬರು ಸೀನಿಯರ್ ಅದರ ಮೇಲೆ ಕೆಂಪು ಗೆರೆ ಎಳೆದರು, ಯಾಕೆ ಅಂತ ಹೇಳಲಿಲ್ಲ. ಐದು ವರ್ಷ ಅಂದಮೇಲೆ ಮೇಷ್ಟ್ರು ಹೇಳಿದ ಹಾಗೆ "ಐ ಹ್ಯಾವ್ ಹ್ಯಾಡ್ ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್" ಅಂತ ಬರೆಯಬೇಕಾ?

ಪಣಂಬೂರು ಸೆಕೆಂಡ್ ಪಿಯುಸಿ

ಅಣ್ಣಾ, ಇಲ್ಲಿ ಸಿನ್ಸ್ ಎಲ್ಲಿದೆ? ಫಾರ್ ಎಲ್ಲಿದೆ?

ನಿವೃತ್ತ ಮೇಷ್ಟ್ರು, ಬಂಟ್ವಾಳ

ಹುಡುಗ ಸರಿಯಾಗಿ ಹಿಡಿದ. ನಿಮ್ಮ ವಾಕ್ಯದಲ್ಲಿ ಐದು ವರ್ಷ ಅನ್ನುವುದು ಅನುಭವದ ಅಳತೆ, ಹತ್ತು ಕಿಲೋ ಅಕ್ಕಿ ಅಂದಹಾಗೆ. ಯಾವಾಗಿನಿಂದ ಅನ್ನುವ ಹಗ್ಗ ಅಲ್ಲಿಲ್ಲ. ಹಾಗಾಗಿ "ಐ ಹ್ಯಾವ್ ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್" ಸಾಕು. ಅದೇ ಮೇಲ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ 2016ರಿಂದ ಇದೆ ಅಂತ ಹೇಳಬೇಕಾದರೆ "ಐ ಹ್ಯಾವ್ ಹ್ಯಾಡ್ ಎ ಲೈಸೆನ್ಸ್ ಸಿನ್ಸ್ 2016" ಅಂತ ಬರೆಯಬೇಕು. ಹ್ಯಾವ್ ಹ್ಯಾಡ್ ಅಂತ ಎರಡು ಸಲ ಬರುವುದು ಕಂಡು ಮಕ್ಕಳು ಹೆದರಿ ಒಂದನ್ನು ಹೊಡೆದು ಹಾಕುತ್ತಾರೆ. ಎರಡೂ ಬೇಕು.

ದುಬೈಯಿಂದ ಬಂದವ, ಸುರತ್ಕಲ್

ಆಯ್ತು ಸರ್, ಈಗಲೇ ತಿದ್ದುತ್ತೇನೆ. ಆದರೆ "ಹಿ ಈಸ್ ಹ್ಯಾವಿಂಗ್ ಲಂಚ್" ಅಂತ ಇಂಗ್ಲಿಷಿನವರೇ ಹೇಳುವುದನ್ನು ನಾನು ಕೇಳಿದ್ದೇನೆ.

ಕಂಕನಾಡಿ ಕೋಚಿಂಗ್

ಅದು ಊಟ ಮಾಡುವುದು, ಕೆಲಸ. ಲೈಸೆನ್ಸ್ ಊಟ ಮಾಡ್ಲಿಕ್ಕೆ ಆಗುತ್ತದಾ? ಹ್ಯಾವ್ ಅನ್ನುವ ಪದ ಒಂದೇ, ಅರ್ಥ ಎರಡು.

ಕುಂದಾಪ್ರದವ

ಪ್ರಶ್ನೆ ಬಿಟ್ಟು ಸ್ವಲ್ಪ ಆಚೆ ಹೋಗ್ತೇನೆ, ಕ್ಷಮಿಸಿ. ನಮ್ಮ ಕುಂದಾಪ್ರ ಕನ್ನಡದಲ್ಲಿ "ನಂಗ್ ಗೊತ್ತಿತ್ತ್" ಅಂದ್ರೆ ಈಗ ಗೊತ್ತು ಅಂತ. ಬೆಂಗಳೂರಿನವರು ಕೇಳಿದರೆ "ಮೊದಲು ಗೊತ್ತಿತ್ತು, ಈಗ ಮರೆತಿದ್ದಾನೆ" ಅಂದುಕೊಳ್ತಾರೆ. ಹಾಸ್ಟೆಲಿನಲ್ಲಿ ಇದರಿಂದಲೇ ಒಂದು ಜಗಳ ಆಗಿತ್ತು. ನನ್ನ ರೂಂಮೇಟ್ ಲೆಕ್ಕದ ಉತ್ತರ ಕೇಳಿದ, ನಾನು "ಗೊತ್ತಿತ್ತ್" ಅಂದೆ, ಅವನು ಸಿಟ್ಟು ಮಾಡಿಕೊಂಡು ಪಕ್ಕದ ರೂಮಿಗೆ ಹೋದ.

ಮೂಲ್ಕಿ ಅಕ್ಕ

ತುಳುವಿನಲ್ಲಿಯೂ "ಎಂಕ್ ಗೊತ್ತುಂಡು". ನಮ್ಮ ಊರಿನ ಕನ್ನಡದಲ್ಲಿ "ಗೊತ್ತುಂಟು". ಮಕ್ಕಳು "ಐ ಆ್ಯಮ್ ನೋಯಿಂಗ್" ಅನ್ನುವುದು ಈ ಉಂಡು, ಉಂಟು ಕಾರಣದಿಂದ ಅಂತ ನನ್ನ ಅಭಿಪ್ರಾಯ. ಗೊತ್ತು ಅಂದರೆ ನೋಯಿಂಗ್, ಉಂಟು ಅಂದರೆ ಆ್ಯಮ್. ಎರಡನ್ನೂ ಎತ್ತಿ ಇಂಗ್ಲಿಷಿಗೆ ಹಾಕಿದ ಹಾಗೆ.

ನಿವೃತ್ತ ಮೇಷ್ಟ್ರು, ಬಂಟ್ವಾಳ

ಅಕ್ಕ, ಅದು ಹೌದಿರಬಹುದು, ಆದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕನ್ನಡದಲ್ಲಿ ಗೊತ್ತು ಅನ್ನುವುದಕ್ಕೆ -ತ್ತಾ ಇದ್ದೇನೆ ಹತ್ತುವುದೇ ಇಲ್ಲ. ಬಲ್ಲೆ ಅನ್ನುವುದನ್ನು ನೋಡಿ, "ಬಲ್ಲುತ್ತಿದ್ದೇನೆ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಬೇಕು, ಸಾಕು, ಬೇಡ, ಉಂಟು, ಇವೆಲ್ಲ ಹಾಗೆಯೇ. ಇಂಗ್ಲಿಷ್ ಯಾವುದಕ್ಕೆ ಇಂಗ್ ಹಾಕಬೇಡ ಅನ್ನುತ್ತದೋ, ಬಹುಮಟ್ಟಿಗೆ ಅಲ್ಲೇ ಕನ್ನಡವೂ -ತ್ತಾ ಇದ್ದೇನೆ ಹಾಕಲು ಬಿಡುವುದಿಲ್ಲ. ಕನ್ನಡದ ಕಿವಿಯನ್ನು ನಂಬಿದ್ದರೆ ಮಕ್ಕಳು ನೋಯಿಂಗ್ ಅನ್ನಬಾರದಿತ್ತು. ಐದನೇ ಕ್ಲಾಸಿನಿಂದ "ಐ ಆ್ಯಮ್ ಈಟಿಂಗ್, ಐ ಆ್ಯಮ್ ಗೋಯಿಂಗ್" ಅಂತ ನಾವೇ ಕೂಗಿಸಿ ಕೂಗಿಸಿ ಬಾಯಿಗೆ ಕೂರಿಸಿದ್ದೇವೆ. ಐ ಆದಮೇಲೆ ಆ್ಯಮ್ ತಾನಾಗಿ ಬಂದುಬಿಡುತ್ತದೆ. ದೋಷ ಮನೆಮಾತಿನದ್ದಲ್ಲ, ನಮ್ಮ ಪಾಠದ್ದು.

ಮೂಲ್ಕಿ ಅಕ್ಕ

ಮತ್ತೆ "ಅರ್ಥ ಆಗ್ತಾ ಇಲ್ಲ" ಅಂತೇವಲ್ಲ ಸರ್? ಅದನ್ನೇ ಮಕ್ಕಳು "ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್" ಮಾಡುವುದು. ಅದು ಮನೆಮಾತಿನಿಂದಲೇ ಬಂದದ್ದಲ್ವಾ?

ನಿವೃತ್ತ ಮೇಷ್ಟ್ರು, ಬಂಟ್ವಾಳ

ಅದು ಹೌದು. ಅಲ್ಲಿ ನೀವು ಹೇಳಿದ್ದು ಸರಿ. "ಆಗು" ಸೇರಿದ ಕಡೆ ಕನ್ನಡ ಸಲೀಸಾಗಿ -ತ್ತಾ ಇದೆ ಅನ್ನುತ್ತದೆ. ನೆನಪಾಗ್ತಾ ಇಲ್ಲ, ಇಷ್ಟ ಆಗ್ತಾ ಇದೆ, ಗೊತ್ತಾಗ್ತಾ ಇದೆ. ಮಕ್ಕಳಿಗೆ ತೋರಿಸಬೇಕಾದ ಜಾಗ ಅದು. "ಗೊತ್ತುಂಟು" ಬೇರೆ, "ಗೊತ್ತಾಗ್ತಾ ಉಂಟು" ಬೇರೆ. ಮೊದಲನೆಯದು "ಐ ನೋ". ಎರಡನೆಯದು ಬದಲಾವಣೆ, ಇಂಗ್ಲಿಷಿನಲ್ಲಿ "ಐ ಆ್ಯಮ್ ಗೆಟ್ಟಿಂಗ್ ಟು ನೋ ಹಿಮ್". ಅಲ್ಲಿ ಇಂಗ್ ಬಂದದ್ದು ನೋ ಮೇಲಲ್ಲ, ಗೆಟ್ ಮೇಲೆ.

ಮಣಿಪಾಲ ಸ್ಟಾಫ್ ನರ್ಸ್

ನಾನು ಜರ್ಮನಿಗೆ ಹೋಗಲು ಭಾಷೆ ಕಲೀತಾ ಇದ್ದೇನೆ. ಕಟಪಾಡಿಯ ಆ ಹುಡುಗಿಗೆ ಇದನ್ನು ಖಂಡಿತ ಹೇಳಿ ಟೀಚರ್. ಜರ್ಮನ್‌ನಲ್ಲಿ "ಇಶ್ ಕೆನ್ನೆ ಈನ್ ಝೈಟ್ 2012" ಅಂದರೆ ಪೂರ್ತಿ ಸರಿ. ಅಕ್ಷರಶಃ "ಐ ನೋ ಹಿಮ್ ಸಿನ್ಸ್ 2012". ಕನ್ನಡದ ಹಾಗೆಯೇ ಅವರೂ ವರ್ತಮಾನದಲ್ಲೇ ಹೇಳ್ತಾರೆ. ನಮ್ಮ ಕ್ಲಾಸಿನಲ್ಲಿ ಇದು ನಮಗೆ ಒಂದೇ ದಿನದಲ್ಲಿ ಬಂತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಅಲ್ಲಿಗೂ ಪರ್ಫೆಕ್ಟ್ ಹಾಕಿ ಹಾಕಿ ತಪ್ಪು ಮಾಡ್ತಿದ್ದರು. ಅವಳು ಯೋಚಿಸಿದ ರೀತಿಯಲ್ಲಿ ದೋಷ ಇಲ್ಲ. ಇಂಗ್ಲಿಷ್ ಬೇರೆ ಥರ ಕೇಳ್ತದೆ, ಅಷ್ಟೇ.

ಕಟಪಾಡಿ ಟ್ಯೂಷನ್ ಟೀಚರ್

ಸಿಸ್ಟರ್, ಇದು ತುಂಬ ಒಳ್ಳೆಯದಾಯಿತು. ನಾಳೆಯೇ ಅವಳಿಗೆ ಹೇಳ್ತೇನೆ.

ಪಣಂಬೂರು ಸೆಕೆಂಡ್ ಪಿಯುಸಿ

ನಂದೊಂದು ಡೌಟ್. ನಮ್ಮ ಟೆಸ್ಟಲ್ಲಿ "ಯುವರ್ ಫಾದರ್ ಈಸ್ ಸೀಮಿಂಗ್ ಟಯರ್ಡ್" ಅಂತ ಬಂದಿತ್ತು. ನಾನು "ಈಸ್ ಲುಕಿಂಗ್ ಟಯರ್ಡ್" ಅಂತ ತಿದ್ದಿದೆ. ಕೀಯಲ್ಲಿ "ಸೀಮ್ಸ್" ಇತ್ತು, ನನಗೆ ಸೊನ್ನೆ. ಅಪ್ಪ ಸುಸ್ತಾದ ಹಾಗೆ ಕಾಣ್ತಾ ಇದ್ದಾರೆ ಅಂತಲ್ವಾ ಅರ್ಥ? ಲುಕಿಂಗ್ ಯಾಕೆ ತಪ್ಪು?

ಕಂಕನಾಡಿ ಕೋಚಿಂಗ್

ಲುಕ್ ಕೂಡ ಸ್ಟೇಟಿವ್ ತಮ್ಮಾ. "ಲುಕ್ಸ್ ಟಯರ್ಡ್" ಬರೆಯಬೇಕಿತ್ತು.

ನಿವೃತ್ತ ಮೇಷ್ಟ್ರು, ಬಂಟ್ವಾಳ

ಇಲ್ಲಿ ನಾನು ಹುಡುಗನ ಪರ. ಸೀಮ್ ಯಾವಾಗಲೂ ಗಟ್ಟಿ, "ಈಸ್ ಸೀಮಿಂಗ್" ಬರುವುದಿಲ್ಲ. ಅಪ್ಪ ಸೋಮವಾರದಿಂದ ಹಾಗೆ ಕಾಣ್ತಿದ್ದರೆ "ಹ್ಯಾಸ್ ಸೀಮ್ಡ್ ಟಯರ್ಡ್ ಸಿನ್ಸ್ ಮಂಡೇ". ಆದರೆ ಲುಕ್ ಹಾಗಲ್ಲ. "ಯು ಲುಕ್ ಟಯರ್ಡ್", "ಯು ಆರ್ ಲುಕಿಂಗ್ ಟಯರ್ಡ್", ಇಂಗ್ಲೆಂಡಿನವರು ಎರಡನ್ನೂ ಹೇಳುತ್ತಾರೆ, ಅರ್ಥದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಫೀಲ್ ಕೂಡ ಹಾಗೆ, "ಐ ಫೀಲ್ ಸಿಕ್", "ಐ ಆ್ಯಮ್ ಫೀಲಿಂಗ್ ಸಿಕ್" ಎರಡೂ ನಡೆಯುತ್ತವೆ. ಪಟ್ಟಿಯಲ್ಲಿ ಹೆಸರಿದೆ ಅಂತ ಎಲ್ಲ ಕ್ರಿಯಾಪದವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಂಕನಾಡಿ ಕೋಚಿಂಗ್

ಮೇಷ್ಟ್ರೇ, ಪರೀಕ್ಷೆಯ ಕೀ ನಿಮ್ಮ ಹತ್ತಿರ ಕೇಳಿ ಮಾಡುವುದಿಲ್ಲ. ಪದ ಬದಲಿಸದೆ ತಿದ್ದು ಅಂದಾಗ ಸೀಮ್ ತೆಗೆದು ಲುಕ್ ಹಾಕಿದ್ದೇ ತಪ್ಪು. ಮಕ್ಕಳಿಗೆ ನಾನು ಹೇಳುವುದು ಒಂದೇ: ತಪ್ಪಿರುವ ಭಾಗವನ್ನು ಮಾತ್ರ ಮುಟ್ಟಿ.

ಪಣಂಬೂರು ಸೆಕೆಂಡ್ ಪಿಯುಸಿ

ಪದ ಬದಲಿಸಬಾರದು ಅಂತ ಪ್ರಶ್ನೆಯಲ್ಲಿ ಎಲ್ಲಿಯೂ ಇರಲಿಲ್ಲ ಸರ್.

ಹಂಪನಕಟ್ಟೆ ಓದುಗ

ನನಗೆ ಈ ಚರ್ಚೆಯ ಬುಡವೇ ಸರಿ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಲಕ್ಷಾಂತರ ಜನ "ಐ ಆ್ಯಮ್ ನೋಯಿಂಗ್ ಹಿಮ್" ಅಂತಾರೆ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಅದು ನಮ್ಮ ಇಂಗ್ಲಿಷ್. ಅದನ್ನು ತಪ್ಪು ಅಂತ ಮಕ್ಕಳನ್ನು ಹೆದರಿಸಿ, ಬಾಯಿ ತೆರೆಯದ ಹಾಗೆ ಮಾಡಿಟ್ಟಿದ್ದೇವೆ.

ಮಲ್ಪೆ ಬೋಟಿನವ

ಇದು ನನಗೆ ಸರಿ ಕಂಡಿತು. ಹೊರದೇಶಕ್ಕೆ ಮೀನು ಕಳಿಸುವ ಪಾರ್ಟಿ ಹತ್ತಿರ ಫೋನಲ್ಲಿ ನಾನು ಹೀಗೇ ಮಾತಾಡುವುದು. ಇವತ್ತಿನವರೆಗೆ ಒಂದು ಲೋಡೂ ವಾಪಸ್ ಬಂದಿಲ್ಲ.

ಕಟಪಾಡಿ ಟ್ಯೂಷನ್ ಟೀಚರ್

ಮಾತಾಡುವಾಗ ನಾನು ಯಾರನ್ನೂ ತಡೆಯುವುದಿಲ್ಲ ಸರ್. ಆದರೆ ನನ್ನ ಮಕ್ಕಳು ಮಾರ್ಚಿನಲ್ಲಿ ಪರೀಕ್ಷೆ ಬರೆಯಬೇಕು. ಅಲ್ಲಿ ಕೆಂಪು ಪೆನ್ನು ಹಿಡಿದವರಿಗೆ "ಇದು ನಮ್ಮ ಇಂಗ್ಲಿಷ್" ಅಂತ ಮಕ್ಕಳು ಹೇಳಲಿಕ್ಕೆ ಆಗುತ್ತದಾ?

ಹಂಪನಕಟ್ಟೆ ಓದುಗ

ಪರೀಕ್ಷೆಗೆ ಕಲಿಸಿ, ಬೇಡ ಅನ್ನುವುದಿಲ್ಲ. "ಪರೀಕ್ಷೆಯಲ್ಲಿ ಹೀಗೆ ಬರೆಯಬೇಕು" ಅಂತ ಹೇಳಿ. "ನೀನು ಹೇಳಿದ್ದು ತಪ್ಪು" ಅಂತ ಬೇಡ.

ಕಾರ್ಕಳದ ಕಾರ್ಯದರ್ಶಿ

ನನ್ನದೊಂದು ವಿಷಯ ಕೇಳಿ. ಕಳೆದ ವರ್ಷ ನಮ್ಮ ಸಂಘದ ಸ್ಮರಣ ಸಂಚಿಕೆಗೆ, ತೀರಿಕೊಂಡ ಒಬ್ಬ ಹಿರಿಯರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ. "ಐ ಹ್ಯಾವ್ ನೋನ್ ಹಿಮ್ ಫಾರ್ ಫಾರ್ಟಿ ಇಯರ್ಸ್" ಅಂತ ಶುರು ಮಾಡಿದ್ದೆ. ಮುಂಬೈಯಲ್ಲಿರುವ ಅವರ ಮಗಳು ಓದಿ, "ಅಂಕಲ್, ಇಲ್ಲಿ ನ್ಯೂ ಅಂತ ಬರಬೇಕು" ಅಂತ ಮೆಲ್ಲಗೆ ಹೇಳಿದಳು. ಫಾರ್ ಇದೆಯಲ್ಲ, ಹ್ಯಾವ್ ನೋನ್ ಅಲ್ವಾ ಸರಿ?

ನಿವೃತ್ತ ಮೇಷ್ಟ್ರು, ಬಂಟ್ವಾಳ

ಮಗಳು ಹೇಳಿದ್ದು ಸರಿ. ಫಾರ್ ಕಂಡ ಕೂಡಲೇ ಹ್ಯಾವ್ ಅಂತ ನಾನೂ ಮೇಲೆ ಅವಸರದಲ್ಲಿ ಹೇಳಿಬಿಟ್ಟೆ, ತಿದ್ದಿಕೊಳ್ಳುತ್ತೇನೆ. ಹಗ್ಗದ ಈಚೆ ತುದಿ ಇವತ್ತಿನಲ್ಲಿ ಇದ್ದರೆ ಮಾತ್ರ ಹ್ಯಾವ್. ಆ ಹಿರಿಯರು ಇಲ್ಲವಾದ ದಿನ ಈಚೆ ತುದಿ ಬಿಚ್ಚಿಹೋಯಿತು. "ಐ ನ್ಯೂ ಹಿಮ್ ಫಾರ್ ಫಾರ್ಟಿ ಇಯರ್ಸ್" ಅಂದರೆ ನಲವತ್ತು ವರ್ಷ ಒಡನಾಟ ಇತ್ತು, ಈಗ ಮುಗಿದಿದೆ. "ಹ್ಯಾವ್ ನೋನ್" ಓದಿದರೆ ಅವರು ಬದುಕಿದ್ದಾರೆ ಅಂತ ಆಗುತ್ತದೆ. ಕನ್ನಡದಲ್ಲಿ ನೀವೇ "ನನಗೆ ಅವರು ನಲವತ್ತು ವರ್ಷದಿಂದ ಗೊತ್ತು" ಅಂತ ಬರೆಯುತ್ತಿರಲಿಲ್ಲ, "ಗೊತ್ತಿದ್ದರು" ಅಂತಲೇ ಬರೆಯುತ್ತಿದ್ದಿರಿ.

ಬೋಟು ಮಾರಿದವನದ್ದೂ ಇದೇ ಕಥೆ. ಆರು ವರ್ಷ ಇಟ್ಟುಕೊಂಡು ಮಾರಿದರೆ "ಹಿ ಓನ್ಡ್ ಇಟ್ ಫಾರ್ ಸಿಕ್ಸ್ ಇಯರ್ಸ್". ಸಿನ್ಸ್‌ನಲ್ಲಿ ಈ ಗೊಂದಲ ಅಪರೂಪ. ಅದು ಸಾಮಾನ್ಯವಾಗಿ ಇವತ್ತಿನ ತನಕ ಬಂದೇ ನಿಲ್ಲುತ್ತದೆ. ಫಾರ್ ಮಾತ್ರ ಎರಡೂ ಕಡೆ ಓಡಾಡುತ್ತದೆ.

ಕಾರ್ಕಳದ ಕಾರ್ಯದರ್ಶಿ

ಅರ್ಥವಾಯಿತು. ಸಂಚಿಕೆ ಅಚ್ಚಾಗಿ ಹೋಗಿದೆ. ಅವರ ಮನೆಗೆ ಹೋಗಿ ಮಗಳ ಹತ್ತಿರ ಹೇಳಿ ಬರ್ತೇನೆ.

ಕಂಕನಾಡಿ ಕೋಚಿಂಗ್

ಒಪ್ಪಿದೆ ಮೇಷ್ಟ್ರೇ, ಫಾರ್ ವಿಷಯ ನಾನೂ ನಾಳೆಯಿಂದ ಸೇರಿಸಿ ಹೇಳ್ತೇನೆ. ಒಂದು ಮಾತು ಬಿಟ್ಟುಹೋಗಿದೆ. ನಮ್ಮ ಮಕ್ಕಳು "ಸಿನ್ಸ್ ಟೆನ್ ಇಯರ್ಸ್" ಅಂತ ಬರೆಯುವುದು. ನಮಗೆ "2012ರಿಂದ", "ಹತ್ತು ವರ್ಷದಿಂದ" ಎರಡಕ್ಕೂ ಒಂದೇ -ಇಂದ. ಇಂಗ್ಲಿಷಿನಲ್ಲಿ ಶುರುವಾದ ಬಿಂದುವಿಗೆ ಸಿನ್ಸ್, ಉದ್ದಕ್ಕೆ ಫಾರ್. ಎ, ಬಿ, ಸಿ, ಡಿ ಅಂತ ಭಾಗ ಮಾಡಿದ ಪ್ರಶ್ನೆಯಲ್ಲಿ ಮೊದಲ ಭಾಗ ಸರಿ ಕಂಡರೆ ಕೊನೆಯಲ್ಲಿ ಇದನ್ನು ನೋಡಬೇಕು. ಎಷ್ಟೋ ಮಕ್ಕಳು ಇದನ್ನು ನೋಡದೆ "ನೋ ಎರರ್" ಹಾಕಿ ಬರ್ತಾರೆ.

ಕಟಪಾಡಿ ಟ್ಯೂಷನ್ ಟೀಚರ್

ಇವತ್ತು ಕ್ಲಾಸ್ ಮುಗಿಸಿ ಬರೀತಾ ಇದ್ದೇನೆ. ರೂಲ್ ಹೇಳಲಿಲ್ಲ, ಮಲ್ಪೆ ಬೋಟು ಮತ್ತು ಹಗ್ಗ, ಅಷ್ಟೇ. ಆಮೇಲೆ ಮೂರು ಹೊಸ ವಾಕ್ಯ ಕೊಟ್ಟೆ.

"ಮೈ ಅಂಕಲ್ ಈಸ್ ಓನಿಂಗ್ ಟು ಬೋಟ್ಸ್." 14 ಜನರೂ "ಓನ್ಸ್" ಬರೆದರು.

"ಮೈ ಅಂಕಲ್ ಈಸ್ ಓನಿಂಗ್ ದಿಸ್ ಬೋಟ್ ಸಿನ್ಸ್ 2018." 9 ಜನ "ಹ್ಯಾಸ್ ಓನ್ಡ್", ಉಳಿದ 5 ಜನ ಮತ್ತೆ "ಓನ್ಸ್". ಆ ಐದೂ ಜನ ಮೊದಲ ವಾಕ್ಯ ಬರೆದ ಉತ್ಸಾಹದಲ್ಲಿ ಸಿನ್ಸ್ ತನಕ ಓದಲೇ ಇಲ್ಲ ಅಂತ ಕೇಳಿದಾಗ ಗೊತ್ತಾಯಿತು. ಇನ್ನು ಮುಂದೆ ವಾಕ್ಯವನ್ನು ಹಿಂದಿನಿಂದ ಓದಲು ಹೇಳ್ತೇನೆ, ಮೊದಲು ಕೊನೆಯ ಮೂರು ಪದ.

ಮೂರನೆಯದು "ಹಿ ಈಸ್ ಹ್ಯಾವಿಂಗ್ ಫೀವರ್ ಫಾರ್ ತ್ರೀ ಡೇಸ್." ಇಲ್ಲಿ "ಹ್ಯಾಸ್ ಹ್ಯಾಡ್" 6 ಜನ ಬರೆದರು. ಎದ್ದು ನಿಂತು ಕೇಳಿದ ಆ ಹುಡುಗಿಯೂ ಅದರಲ್ಲಿ ಒಬ್ಬಳು. ಜರ್ಮನ್ ವಾಕ್ಯ ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾಳೆ.

ಈಗ ಅವಳದ್ದೇ ಹೊಸ ಪ್ರಶ್ನೆ, ಉತ್ತರ ನನ್ನ ಹತ್ತಿರ ಇಲ್ಲ. "ಐ ಆ್ಯಮ್ ಅಂಡರ್‌ಸ್ಟ್ಯಾಂಡಿಂಗ್ ಇಂಗ್ಲಿಷ್ ಬೆಟರ್ ಎವ್ರಿ ಡೇ" ಅಂತ ಬರೆದು ತಂದಿದ್ದಾಳೆ. ದಿನದಿಂದ ದಿನಕ್ಕೆ ಬದಲಾಗ್ತಾ ಇದೆ, ನಿಂತ ಸ್ಥಿತಿ ಅಲ್ಲ, ಹಾಗಾಗಿ ಇಂಗ್ ಬರಬೇಕು ಅಂತ ಅವಳ ವಾದ. ತಿದ್ದಬೇಕಾ, ಬಿಡಬೇಕಾ?

ನಿವೃತ್ತ ಮೇಷ್ಟ್ರು, ಬಂಟ್ವಾಳ

ಬಿಡಿ. ಅವಳ ವಾದ ಸರಿ. ಮೆಲ್ಲಮೆಲ್ಲನೆ ಹೆಚ್ಚುವುದನ್ನು ಹೇಳುವಾಗ ಅಂಡರ್‌ಸ್ಟ್ಯಾಂಡ್ ಇಂಗ್ ಹಾಕಿಕೊಳ್ಳುತ್ತದೆ, ನೋ ಮಾತ್ರ ಆಗಲೂ ಹಾಕಿಕೊಳ್ಳುವುದಿಲ್ಲ.

ಕಂಕನಾಡಿ ಕೋಚಿಂಗ್

ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಹೋಗುತ್ತದೆ. ಬರೆಯಬೇಡ ಅಂತ ಹೇಳಿ.

ಪಣಂಬೂರು ಸೆಕೆಂಡ್ ಪಿಯುಸಿ

ನಾನಾದ್ರೆ ಬರೀತೇನೆ.